24 ಮನೆಗೆ 2 ವಾಷಿಂಗ್ ಮೆಷಿನ್: ಸಂಘಕ್ಕೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ನಾಲ್ಕು ಮಹಡಿಯ, 24 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಬಾಲ್ಕನಿ ತೀರಾ ಚಿಕ್ಕದು, ಮೆಷಿನ್ ಇಡೋಕೆ ಜಾಗ ಇಲ್ಲ. ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ ಮಾಡೋಣ ಅಂತ 14 ಮನೆಯವರು ಒಪ್ಪಿದ್ದೇವೆ. ಸಂಘಕ್ಕೆ ಪತ್ರ ಬರೆಯಬೇಕು. ಮೆಷಿನ್ ನೋಡಿಕೊಳ್ಳುವ ನಿಯಮ, ಸಮಯ ಎಲ್ಲ ಅದರಲ್ಲಿ ಹೇಗೆ ಹಾಕಲಿ?

ಉತ್ತರ: ಅನುಕೂಲದ ವರ್ಣನೆಗೆ ಪತ್ರದಲ್ಲಿ ಎರಡು ಸಾಲು ಸಾಕು. ಓದುವಾಗ ಸಮಿತಿಯವರ ತಲೆಯಲ್ಲಿ ಓಡುವುದೇ ಬೇರೆ: ಯಾವ ಜಾಗ, ಯಾರ ದುಡ್ಡು, ನಾಳೆ ಜಗಳವಾದರೆ ಬಿಡಿಸುವವರು ಯಾರು. ಇದಕ್ಕೆಲ್ಲ ಲೆಕ್ಕದ ಸಮೇತ ಉತ್ತರವಿದ್ದರೆ ಪತ್ರ ಸಭೆಯವರೆಗೆ ಹೋಗುತ್ತದೆ, ಇಲ್ಲದಿದ್ದರೆ ಕಾರ್ಯದರ್ಶಿಯವರ ಫೈಲಿನಲ್ಲೇ ಉಳಿಯುತ್ತದೆ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಪತ್ರದ ಮಾದರಿ.

ಜಾಗ ಎಂದ ಕೂಡಲೇ ಎಲ್ಲರೂ ತಾರಸಿ ತೋರಿಸುತ್ತಾರೆ. ಒಗೆದದ್ದನ್ನು ಅಲ್ಲೇ ಒಣಗಿಸಬಹುದಲ್ಲ ಎಂಬ ಆಸೆ. ಆದರೆ ಮೆಷಿನ್ನಿಗೆ ನೀರು ಒತ್ತಡದಿಂದ ಬರಬೇಕು. ಹೆಚ್ಚಿನ ಮೆಷಿನ್‌ಗಳು ಕನಿಷ್ಠ 0.3ರಿಂದ 0.5 ಬಾರ್ ಕೇಳುತ್ತವೆ. ಟ್ಯಾಂಕಿನ ನೀರು 10 ಮೀಟರ್ ಕೆಳಗೆ ಇಳಿದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ತಾರಸಿಯ ಕೋಣೆ ಟ್ಯಾಂಕಿಗಿಂತ ಒಂದೆರಡು ಮೀಟರಷ್ಟೇ ಕೆಳಗಿರುವುದರಿಂದ ಅಲ್ಲಿ 0.2 ಬಾರ್ ಸಿಕ್ಕರೆ ಹೆಚ್ಚು. ಮೆಷಿನ್ ನೀರಿಗಾಗಿ ಕಾದು ಕಾದು ಎರರ್ ತೋರಿಸಿ ನಿಂತುಬಿಡುತ್ತದೆ. ಪ್ರೆಷರ್ ಪಂಪ್ ಹಾಕಬಹುದು, ಆದರೆ ಅದು ಇನ್ನೊಂದು ಖರ್ಚು, ಕೆಡುವ ವಸ್ತು ಇನ್ನೊಂದು. ನಿಮ್ಮ ನಾಲ್ಕು ಮಹಡಿಯ ಕಟ್ಟಡದಲ್ಲಿ ನೆಲಮಟ್ಟದ ಸ್ಟೋರ್ ರೂಮಿಗೆ 1 ಬಾರ್‌ಗಿಂತ ಹೆಚ್ಚೇ ಒತ್ತಡ ತಾನಾಗಿ ಬರುತ್ತದೆ. ಕೆಳಗೆ ಒಗೆದು ಲಿಫ್ಟಿನಲ್ಲಿ ಮೇಲೆ ಒಯ್ದು ಒಣಗಿಸುವುದೇ ಸುಲಭ. ಮೀಟರ್ ಬೋರ್ಡ್ ಇರುವ ಕೋಣೆ ಮಾತ್ರ ಎಷ್ಟೇ ಖಾಲಿಯಿದ್ದರೂ ಬೇಡ. ಮಳೆಗಾಲದಲ್ಲಿ ನೀರು ನುಗ್ಗುವ ಬೇಸ್‌ಮೆಂಟಾಗಿದ್ದರೆ ಮೆಷಿನ್‌ಗಳನ್ನು ಅರ್ಧ ಅಡಿ ಎತ್ತರದ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿ.

ಆ ಕೋಣೆಯಲ್ಲಿ ಪ್ಲಂಬರ್ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾನೆ. ಕೊಳೆನೀರು ಹೋಗುವ ಮೆತು ಪೈಪನ್ನು ನೆಲದ ಜಾಲಿಗೇ ತೂರಿಸಿಬಿಡುತ್ತಾನೆ. ಆ ಪೈಪಿನ ಬಾಯಿ ನೆಲದಿಂದ 60ರಿಂದ 90 ಸೆಂಟಿಮೀಟರ್ ಎತ್ತರದಲ್ಲಿರಬೇಕು. ತಗ್ಗಿನಲ್ಲಿದ್ದರೆ ತುಂಬಿದ ನೀರು ತುಂಬಿದಂತೆಯೇ ತಾನಾಗಿ ಇಳಿದುಹೋಗುತ್ತದೆ, ಮೆಷಿನ್ ಮತ್ತೆ ತುಂಬಿಸುತ್ತದೆ. "ಅರ್ಧ ಗಂಟೆಯಿಂದ ನೀರು ತುಂಬುತ್ತಲೇ ಇದೆ" ಎಂದು ಯಾರಾದರೂ ದೂರಿದರೆ ಮೊದಲು ನೋಡಬೇಕಾದದ್ದು ಇದನ್ನೇ. ವಿದ್ಯುತ್ತಿಗೆ ಪ್ರತಿ ಮೆಷಿನ್ನಿಗೂ ಬೇರೆ 16 ಆಂಪ್ ಸಾಕೆಟ್, ಬೇರೆ ಎಂಸಿಬಿ, ಒಳ್ಳೆಯ ಅರ್ತಿಂಗ್, ಶಾಕ್ ತಡೆಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು. ಒಳಗಿನ ಹೀಟರ್ ಒಂದೊಂದಕ್ಕೂ ಸುಮಾರು 2 ಕಿಲೋವ್ಯಾಟ್ ಎಳೆಯುವುದರಿಂದ ಇವುಗಳನ್ನು ಜನರೇಟರಿನ ಲೈನಿಗೆ ಸೇರಿಸಬೇಡಿ.

ಈಗ ಮೆಷಿನ್ ಎಷ್ಟು, ಎಂಥದ್ದು ಎಂಬುದು. 14 ಮನೆ, ಮನೆಗೆ ವಾರಕ್ಕೆ 4 ಸಲ ಎಂದರೆ ವಾರಕ್ಕೆ 56 ಒಗೆತ. ಒಂದು ಸರದಿಗೆ ಒಂದೂವರೆ ಗಂಟೆ ಕೊಟ್ಟು ಬೆಳಿಗ್ಗೆ 7ಕ್ಕೆ ಶುರು ಮಾಡಿದರೆ ರಾತ್ರಿ 8.30ರೊಳಗೆ 9 ಸರದಿ, ಎರಡು ಮೆಷಿನ್ನಿಗೆ ದಿನಕ್ಕೆ 18. ವಾರಕ್ಕೆ 126, ಬುಧವಾರ ಶುಚಿಗೆ ಹೋಗುವ 4 ಕಳೆದರೆ 122 ಸರದಿ ಇರುವಲ್ಲಿ ಬೇಕಾದದ್ದು 56, ಅಂದರೆ ಅರ್ಧಕ್ಕೂ ಕಡಿಮೆ. ಮೂರನೆಯ ಮೆಷಿನ್ ಬೇಕೆಂಬ ಮಾತು ಬಂದೇ ಬರುತ್ತದೆ, ಏಕೆಂದರೆ ಎಲ್ಲರಿಗೂ ಬೇಕಿರುವುದು ಬೆಳಗಿನ ಎರಡು ಸರದಿ. ಅದಕ್ಕೆ ಮದ್ದು ಹಂಚಿಕೆಯಲ್ಲಿದೆ. 7 ಮತ್ತು 8.30ರ ಸರದಿಗಳು ಎರಡು ಮೆಷಿನ್ನಿಗೆ ವಾರಕ್ಕೆ 28. 14 ಮನೆಗೆ ಹಂಚಿದರೆ ಮನೆಗೆ ಸರಿಯಾಗಿ ಎರಡು. ಉಳಿದೆರಡು ಒಗೆತವನ್ನು ಮಧ್ಯಾಹ್ನವೋ ಸಂಜೆಯೋ ಇಟ್ಟುಕೊಳ್ಳಬೇಕು.

ಎಂಥ ಮೆಷಿನ್ ಎಂಬಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ವಾರಕ್ಕೆ 56 ಅಂದರೆ ವರ್ಷಕ್ಕೆ ಸುಮಾರು 2,900, ಒಂದೊಂದು ಮೆಷಿನ್ನಿಗೆ 1,450. ಒಂದು ಮನೆಯ ಮೆಷಿನ್ ವರ್ಷಕ್ಕೆ ಒಗೆಯುವುದು 200 ಸಲ. ನಿಮ್ಮ ಕೋಣೆಯ ಮೆಷಿನ್ ಒಂದೇ ವರ್ಷದಲ್ಲಿ ಮನೆಯ ಮೆಷಿನ್ನಿನ ಏಳು ವರ್ಷದ ದುಡಿಮೆ ಮುಗಿಸುತ್ತದೆ. ಮನೆಬಳಕೆಯ ಮಾಡೆಲ್ ತಂದರೆ ಎರಡನೆಯ ವರ್ಷಕ್ಕೆ ಬೇರಿಂಗ್ ಗಡಗಡ ಎನ್ನತೊಡಗಿದರೆ ಆಶ್ಚರ್ಯವಿಲ್ಲ. ಸಾಲದ್ದಕ್ಕೆ ವಾರಂಟಿ ಕಾಗದದಲ್ಲಿ ಸಾಮಾನ್ಯವಾಗಿ "ಮನೆಬಳಕೆಗೆ ಮಾತ್ರ" ಎಂದಿರುತ್ತದೆ. ಹತ್ತು ಮನೆ ಬಳಸುವ ಮೆಷಿನ್ ಎಂದು ತಿಳಿದರೆ ಸರ್ವಿಸ್‌ನವರು ಕೈ ಎತ್ತುತ್ತಾರೆ. ಹಾಸ್ಟೆಲ್, ಪಿಜಿಗಳಿಗೆಂದು ಮಾರುವ ಕಮರ್ಷಿಯಲ್ ಫ್ರಂಟ್ ಲೋಡ್ ಮಾಡೆಲ್‌ಗೆ ಎರಡು-ಮೂರು ಪಟ್ಟು ಬೆಲೆ. ಆದರೂ ಅದನ್ನೇ ತನ್ನಿ. ಹಂಚಿದ ಬಳಕೆಗೂ ವಾರಂಟಿ ಉಂಟೆಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ನಿಯಮಗಳಲ್ಲಿ ಅತಿ ಮುಖ್ಯವಾದದ್ದು ಸೋಪಿನ ಪುಡಿಯದು. ಒಂದೂವರೆ ಗಂಟೆಯ ಸರದಿ ನಿಲ್ಲುವುದೂ ಮುರಿಯುವುದೂ ಅದರ ಮೇಲೆಯೇ. ಕೈಯಲ್ಲಿ ಒಗೆಯುವ ಪುಡಿಯನ್ನು ನೊರೆ ಬರಲೆಂದೇ ಮಾಡಿರುತ್ತಾರೆ. ಫ್ರಂಟ್ ಲೋಡ್ ಮೆಷಿನ್ ಬಟ್ಟೆಯನ್ನು ಮೇಲಿಂದ ಕೆಳಕ್ಕೆ ಬೀಳಿಸಿ ಬೀಳಿಸಿ ಕೊಳೆ ಬಿಡಿಸುತ್ತದೆ. ಡ್ರಮ್ ತುಂಬ ನೊರೆಯಿದ್ದರೆ ಬಟ್ಟೆ ಹಾಸಿಗೆಯ ಮೇಲೆ ಬಿದ್ದಂತೆ ಮೆತ್ತಗೆ ಬೀಳುತ್ತದೆ, ಕೊಳೆ ಹೋಗುವುದಿಲ್ಲ. ನೀರು ಹೊರಹಾಕುವ ಪಂಪು ನೊರೆಯನ್ನು ಎಳೆಯಲಾರದೆ ತಿಣುಕುತ್ತದೆ. ನೊರೆ ಉಳಿದಿದೆ ಎಂದು ಗೊತ್ತಾದರೆ ಮೆಷಿನ್ ತಾನೇ ನಿಂತು, ಮತ್ತೆ ನೀರು ತೆಗೆದುಕೊಂಡು ಜಾಲಾಡುತ್ತದೆ. 70 ನಿಮಿಷದ ಒಗೆತ 110 ನಿಮಿಷಕ್ಕೆ ಹೋಗುತ್ತದೆ. ಮುಂದಿನ ಮನೆಯವರು ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ, ಅವರ ಹಿಂದಿನವರಿಗೂ ಅಷ್ಟೇ ತಡ. ಜಗಳ ನೋಡಿದವರು "ಅವರು ಟೈಮ್ ಪಾಲಿಸಲಿಲ್ಲ" ಅನ್ನುತ್ತಾರೆ, ನಿಜವಾದ ಕಾರಣ ಎರಡು ಮುಷ್ಟಿ ಪುಡಿ.

ಇದನ್ನು ಗುರುತಿಸುವುದು ಕಷ್ಟವಲ್ಲ. ಕೊನೆಯ ಜಾಲಾಟದಲ್ಲೂ ಗಾಜಿನ ಮೇಲೆ ಬಿಳಿ ನೊರೆ ಅಂಟಿರುತ್ತದೆ, ಪರದೆಯಲ್ಲಿ ಉಳಿದ ನಿಮಿಷ ಇಳಿಯದೆ ಒಂದೇ ಕಡೆ ನಿಂತಿರುತ್ತದೆ, ನೆಲದ ಜಾಲಿಯಿಂದ ನೊರೆ ಉಕ್ಕುತ್ತದೆ. ನಿಮ್ಮಲ್ಲಿ ಕೊಳಚೆ ನೀರು ಶುದ್ಧಮಾಡುವ ಎಸ್‌ಟಿಪಿ ಇದ್ದರೆ ಅದರ ಗಾಳಿ ಹೊಡೆಯುವ ತೊಟ್ಟಿಯಲ್ಲೂ ಇದೇ ನೊರೆ ಏಳುತ್ತದೆ. "ಕಡಿಮೆ ಪುಡಿ ಹಾಕಿ" ಎಂದು ಬೋರ್ಡ್ ಬರೆದರೆ ಯಾರೂ ಕೇಳುವುದಿಲ್ಲ. ನನ್ನ ಸಲಹೆ ಇಷ್ಟು: ಫ್ರಂಟ್ ಲೋಡ್‌ಗೆಂದೇ ಇರುವ ಲಿಕ್ವಿಡ್ಡಿನ ದೊಡ್ಡ ಕ್ಯಾನ್ ಕೋಣೆಯಲ್ಲೇ ಇಡಿ, ಅಳತೆಯ ಮುಚ್ಚಳ ಇಡಿ, ದರದಲ್ಲೇ ಅದರ ಹಣ ಸೇರಿಸಿ. ದುಡ್ಡು ಹೇಗೂ ಕೊಟ್ಟಾಗಿದೆ ಎಂದಮೇಲೆ ಯಾರೂ ಮನೆಯಿಂದ ಪುಡಿ ತರುವುದಿಲ್ಲ.

ಎರಡನೆಯ ಶತ್ರು ಗಡಸು ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಹೊರವಲಯದ ಎಷ್ಟೋ ಬೋರ್‌ವೆಲ್‌ಗಳು 200ನ್ನು ಆರಾಮವಾಗಿ ದಾಟುತ್ತವೆ. ಪತ್ರ ಬರೆಯುವ ಮುಂಚೆ ನಿಮ್ಮ ನೀರನ್ನು ಲ್ಯಾಬಿಗೆ ಕೊಟ್ಟು ಆ ಅಂಕಿಯನ್ನು ಪತ್ರದಲ್ಲಿ ಹಾಕಿ. ನೀರು ಕಾದಾಗ ಸುಣ್ಣ ಹೀಟರಿಗೆ ಕಟ್ಟಿಕೊಳ್ಳುತ್ತದೆ. ಮೊದಲು ನೀರು ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಬಟ್ಟೆ ಬಿರುಸಾಗುತ್ತದೆ, ಕೊನೆಗೊಂದು ದಿನ ಹೀಟರ್ ಸೀಳಿ ಟ್ರಿಪ್ ಆಗುತ್ತದೆ. ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 150 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು, ಹಾಕಿ 60 ಡಿಗ್ರಿಯಲ್ಲಿ ಓಡಿಸಿದರೆ ಸುಣ್ಣ ಕರಗುತ್ತದೆ. ಅದರ ಜೊತೆ ಬ್ಲೀಚ್ ಎಂದೂ ಸೇರಿಸಬಾರದು, ವಿಷಾನಿಲ ಏಳುತ್ತದೆ.

ಖಜಾಂಚಿಯವರಿಗೆ ಬೇಕಾದ ಲೆಕ್ಕ ಹೀಗೆ ಬರೆಯಿರಿ (ಅಂಕಿಗಳು ಉದಾಹರಣೆಗೆ, ಕೊಟೇಶನ್ ಬಂದ ಮೇಲೆ ನಿಮ್ಮದನ್ನು ಹಾಕಿಕೊಳ್ಳಿ). ಎರಡು ಮೆಷಿನ್ನಿಗೆ 2 ಲಕ್ಷ, ಪ್ಲಂಬಿಂಗ್, ವೈರಿಂಗ್, ಕಟ್ಟೆಗೆ 60 ಸಾವಿರ, ಒಟ್ಟು 2.6 ಲಕ್ಷ. 14 ಮನೆಗೆ ಹಂಚಿದರೆ ತಲಾ ಸುಮಾರು 18,600 ರೂಪಾಯಿ. ಒಂದು ಒಗೆತಕ್ಕೆ 60 ಲೀಟರ್ ನೀರು, ಟ್ಯಾಂಕರಿನದ್ದೇ ಎಂದು ಹಿಡಿದು ಲೀಟರಿಗೆ 10 ಪೈಸೆಯಂತೆ 6 ರೂಪಾಯಿ. ಉಗುರುಬೆಚ್ಚಗಿನ ನೀರಿನ ಒಗೆತಕ್ಕೆ ಮುಕ್ಕಾಲು ಯೂನಿಟ್ಟಿನ ಆಸುಪಾಸು ವಿದ್ಯುತ್, 6 ರೂಪಾಯಿ. ಶುಚಿಗೆ 4, ರಿಪೇರಿಗೆ 5, ಕೋಣೆಗೆ ಸಂಘಕ್ಕೆ ಕೊಡುವ ತಿಂಗಳ 1,000 ರೂಪಾಯಿ ಬಾಡಿಗೆಯ ಪಾಲು 4, ಲಿಕ್ವಿಡ್ 10. ಆರು ವರ್ಷದ ಮೇಲೆ ಹೊಸ ಮೆಷಿನ್ ತರಲು ಎತ್ತಿಡುವುದು 15. ಒಟ್ಟು 50. ಈ 15 ರೂಪಾಯಿಯನ್ನು ಯಾರಾದರೂ ಕಡಿತ ಮಾಡೋಣ ಎಂದರೆ ಒಪ್ಪಬೇಡಿ. ಹಂಚಿದ ಮೆಷಿನ್ ಕೋಣೆಗಳು ಮುಚ್ಚುವುದು ಮೊದಲ ದೊಡ್ಡ ರಿಪೇರಿಯ ದಿನ, ಕೈಯಲ್ಲಿ ಕಾಸಿಲ್ಲದೆ.

ಬಾಡಿಗೆ ಯಾಕೆ ಎಂದು ನಿಮ್ಮವರೇ ಕೇಳಬಹುದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರ ಪ್ರಕಾರ ಸಾಮಾನ್ಯ ಜಾಗದಲ್ಲಿ ಪ್ರತಿ ಮಾಲೀಕರಿಗೂ ಅವಿಭಜಿತ ಪಾಲಿದೆ. ಸೇರದ 10 ಮನೆಯವರ ಪಾಲೂ ಆ ಸ್ಟೋರ್ ರೂಮಿನಲ್ಲಿದೆ. ಬಾಡಿಗೆ ಸಂಘದ ಖಾತೆಗೆ ಬಂದರೆ, ಮುಂದೆ ಯಾರು ಬೇಕಾದರೂ ಇದೇ ಷರತ್ತಿಗೆ ಸೇರಬಹುದೆಂದಿದ್ದರೆ, ಅವರು ಅಡ್ಡ ನಿಲ್ಲಲು ಕಾರಣ ಉಳಿಯುವುದಿಲ್ಲ. ಆದರೂ ಸಮಿತಿಯ ಒಪ್ಪಿಗೆಯೊಂದನ್ನೇ ನೆಚ್ಚಬೇಡಿ, ಸರ್ವಸದಸ್ಯರ ಸಭೆಯ ನಿರ್ಣಯವನ್ನೇ ಕೇಳಿ.

ಇನ್ನು ಪತ್ರ:

ಇವರಿಗೆ,
ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಅಪಾರ್ಟ್‌ಮೆಂಟ್ ಮಾಲೀಕರ ಸಂಘ.

ವಿಷಯ: ನೆಲಮಟ್ಟದ ಸ್ಟೋರ್ ರೂಮಿನಲ್ಲಿ ಹಂಚಿಕೆಯ ಬಟ್ಟೆ ಒಗೆಯುವ ಕೋಣೆ ಮಾಡಲು ಅನುಮತಿ ಕೋರಿ.

ಮಾನ್ಯರೇ,

ನಮ್ಮ ಕಟ್ಟಡದ ಹಲವು ಮನೆಗಳಲ್ಲಿ ವಾಷಿಂಗ್ ಮೆಷಿನ್ ಇಡಲು ಸ್ಥಳವಿಲ್ಲ. ಕೆಳಗೆ ಸಹಿ ಮಾಡಿರುವ 14 ಮನೆಯವರು ಸೇರಿ, ಈಗ ಹಳೆಯ ಸಾಮಾನು ಇಟ್ಟಿರುವ ನೆಲಮಟ್ಟದ ಸ್ಟೋರ್ ರೂಮಿನಲ್ಲಿ ಎರಡು ಕಮರ್ಷಿಯಲ್ ಮೆಷಿನ್ ಹಾಕಿಸಲು ಬಯಸಿದ್ದೇವೆ. ಇದಕ್ಕೆ ತಗಲುವ ಹಣವನ್ನು ನಾವೇ ಭರಿಸುತ್ತೇವೆ. ಸೇರದ ಮನೆಗಳ ನಿರ್ವಹಣಾ ಶುಲ್ಕದಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ. ಕೋಣೆಗೆ ತಿಂಗಳಿಗೆ 1,000 ರೂಪಾಯಿ ಬಾಡಿಗೆಯನ್ನು ಸಂಘಕ್ಕೆ ಕೊಡುತ್ತೇವೆ. ವಿದ್ಯುತ್ತಿಗೂ ನೀರಿಗೂ ಬೇರೆ ಮೀಟರ್ ಹಾಕಿಸಿ ಬಳಸಿದಷ್ಟಕ್ಕೆ ಹಣ ಕಟ್ಟುತ್ತೇವೆ. ಮುಂದೆ ಸೇರಬಯಸುವ ಯಾವ ಮನೆಗೂ, ಬಾಡಿಗೆಗೆ ಇರುವವರಿಗೂ, ಇದೇ ಷರತ್ತಿನಲ್ಲಿ ಅವಕಾಶವಿರುತ್ತದೆ.

ಸಮಯ: ಬೆಳಿಗ್ಗೆ 7ರಿಂದ ರಾತ್ರಿ 8.30ರವರೆಗೆ, ಒಂದೂವರೆ ಗಂಟೆಗೊಂದು ಸರದಿ. ಮೇಲಿನ ಮನೆಯವರ ನಿದ್ದೆಗೆ ತೊಂದರೆಯಾಗದಂತೆ ಕೊನೆಯ ಸರದಿ 7 ಗಂಟೆಗೆ ಶುರುವಾಗುತ್ತದೆ. ಬುಧವಾರ ಮಧ್ಯಾಹ್ನ 1ರಿಂದ 4ರವರೆಗೆ ಶುಚಿಗಾಗಿ ಕೋಣೆ ಮುಚ್ಚಿರುತ್ತದೆ. ಬೆಳಗಿನ ಮೊದಲ ಎರಡು ಸರದಿಗಳು ಮನೆಗೆ ವಾರಕ್ಕೆ ಎರಡು ಮಾತ್ರ. ಭಾನುವಾರದ ಬೆಳಗು ಮನೆಗಳಿಗೆ ಸುತ್ತಿನ ಪ್ರಕಾರ ಸಿಗುತ್ತದೆ. ಕರೆಂಟ್ ಹೋದರೆ ಆ ಸರದಿಯವರು ಮುಗಿಸಿಕೊಳ್ಳುತ್ತಾರೆ, ಮುಂದಿನವರಿಗೆ ಅದೇ ದಿನ ಖಾಲಿಯಿರುವ ಸರದಿ ಸಿಗುತ್ತದೆ.

ಬಳಸುವವರೆಲ್ಲ ಈ ನಿಯಮಗಳಿಗೆ ಸಹಿ ಮಾಡಿರುತ್ತಾರೆ:

1. ಕೋಣೆಯಲ್ಲಿಟ್ಟಿರುವ ಲಿಕ್ವಿಡ್ ಮಾತ್ರ, ಮುಚ್ಚಳದ ಗೆರೆಯವರೆಗೆ. ಮನೆಯಿಂದ ಪುಡಿ ತರುವಂತಿಲ್ಲ. ನೊರೆಯಿಂದ ಪಂಪು ಕೆಡುತ್ತದೆ, ಮುಂದಿನವರಿಗೆ ತಡವಾಗುತ್ತದೆ.
2. 75 ನಿಮಿಷದೊಳಗೆ ಮುಗಿಯುವ ಪ್ರೋಗ್ರಾಂ ಮಾತ್ರ. ಕಾಯಿಲೆಯವರ, ಮಗುವಿನ ಬಟ್ಟೆಗೆ 60 ಡಿಗ್ರಿ ಬೇಕಿದ್ದರೆ ಎರಡು ಸರದಿ ಬರೆಸಬೇಕು.
3. ಡ್ರಮ್ಮಿನಲ್ಲಿ ಬಟ್ಟೆಯ ಮೇಲೆ ಅಂಗೈ ನಿಲ್ಲುವಷ್ಟು ಜಾಗ ಬಿಡಬೇಕು. ರಬ್ಬರ್ ತಳದ ಕಾಲೊರಸು, ಬೇರೆ ಬಟ್ಟೆಯಿಲ್ಲದೆ ಕಂಬಳಿಯೊಂದನ್ನೇ, ರೇಷ್ಮೆ, ಬಣ್ಣ ಬಿಡುವ ಹೊಸ ಬಟ್ಟೆ ಹಾಕುವಂತಿಲ್ಲ.
4. ಜೇಬು ನೋಡಿ ಪಿನ್ನು, ನಾಣ್ಯ ತೆಗೆಯಬೇಕು. ಹುಕ್ಕಿನ ಒಳಉಡುಪು ಬಲೆಯ ಚೀಲದೊಳಗೇ ಇರಬೇಕು.
5. ಬಟ್ಟೆ ತೆಗೆದ ಮೇಲೆ ಬಾಗಿಲಿನ ರಬ್ಬರಿನ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸಿ, ಬಾಗಿಲು ಮತ್ತು ಲಿಕ್ವಿಡ್ಡಿನ ಡ್ರಾಯರ್ ತೆರೆದಿಡಬೇಕು. ಮುಚ್ಚಿದರೆ ಬೂಸ್ಟು ಹಿಡಿದು ಎಲ್ಲರ ಬಟ್ಟೆಗೂ ವಾಸನೆ ಬರುತ್ತದೆ.
6. ಮುಗಿದು 10 ನಿಮಿಷವಾದರೂ ಬಾರದಿದ್ದರೆ ಮುಂದಿನವರು ಒಗೆದ ಬಟ್ಟೆಯನ್ನು ಆ ಮನೆಯ ನಂಬರಿನ ಬುಟ್ಟಿಗೆ ತೆಗೆದಿಡಬಹುದು. ಇದಕ್ಕೆ ತಕರಾರು ಇರಕೂಡದು.
7. ಎರರ್ ಬಂದರೆ ಸ್ವಿಚ್ ಆರಿಸಿ, ಅಕ್ಷರ-ಅಂಕಿಯನ್ನು ಪುಸ್ತಕದಲ್ಲಿ ಬರೆದು ಉಸ್ತುವಾರಿಯವರಿಗೆ ತಿಳಿಸಬೇಕು. ಯಾರೂ ತಾವೇ ಬಿಚ್ಚುವಂತಿಲ್ಲ.

ಪಂಪಿನ ಫಿಲ್ಟರನ್ನು ಪ್ರತಿ ಬುಧವಾರ, ನೀರು ಒಳಬರುವ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಸುತ್ತೇವೆ, ಸುಣ್ಣವನ್ನೂ ತಿಂಗಳಿಗೊಮ್ಮೆ ತೆಗೆಸುತ್ತೇವೆ. ಮೂರು ತಿಂಗಳಿಗೊಬ್ಬರಂತೆ ನಮ್ಮಲ್ಲೇ ಒಬ್ಬರು ಉಸ್ತುವಾರಿ ವಹಿಸುತ್ತೇವೆ, ಅದರ ಹೊರೆ ಸಮಿತಿಯ ಮೇಲೆ ಬೀಳುವುದಿಲ್ಲ. ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ಮೊದಲಿಗೆ ಆರು ತಿಂಗಳ ಮಟ್ಟಿಗೆ ಅನುಮತಿ ನೀಡಬೇಕೆಂದು ಕೋರುತ್ತೇವೆ. ಕೊಟೇಶನ್, ನೀರಿನ ಪರೀಕ್ಷಾ ವರದಿ, ಖರ್ಚಿನ ಲೆಕ್ಕ ಲಗತ್ತಿಸಿದೆ.

ತಮ್ಮ ವಿಶ್ವಾಸಿಗಳು,
(14 ಮನೆಗಳ ನಂಬರ್ ಮತ್ತು ಸಹಿ)

ಪತ್ರಕ್ಕೆ ಸೇರದ ಎರಡು ಮಾತುಗಳಿವೆ. ಸಹಿ ಮಾಡುವವರು ನೀವಾದರೂ ಆ ಕೋಣೆಗೆ ದಿನಾ ಹೋಗುವವರು ಹೆಚ್ಚಾಗಿ ಮನೆಗೆಲಸದವರು. ಮೆಷಿನ್ನಿನ ಬಟನ್ನುಗಳ ಮೇಲೆ ಇರುವುದೆಲ್ಲ ಇಂಗ್ಲಿಷ್. ಗೋಡೆಗೆ ಏಳು ನಿಯಮ ಅಂಟಿಸಿದರೆ ಸಾಲದು. ಬಳಸಬೇಕಾದ ಪ್ರೋಗ್ರಾಮಿನ ಪಕ್ಕ ಹಸಿರು ಚುಕ್ಕಿ, ಲಿಕ್ವಿಡ್ಡಿನ ಮುಚ್ಚಳಕ್ಕೆ ಕೆಂಪು ಗೆರೆ, ಹಾಕಬಾರದ ವಸ್ತುಗಳ ಚಿತ್ರ, ಇಷ್ಟಾದರೆ ಭಾಷೆಯ ತೊಡಕಿಲ್ಲ. ಮೊದಲ ವಾರ ಒಂದು ದಿನ ಅವರನ್ನೆಲ್ಲ ಕರೆದು ಒಮ್ಮೆ ಓಡಿಸಿ ತೋರಿಸಿ. "ಕೆಲಸದವರಿಗೆ ಪ್ರವೇಶವಿಲ್ಲ" ಎಂಬ ಸಾಲನ್ನು ಯಾರಾದರೂ ಸೇರಿಸಿ ಎಂದರೆ ಸೇರಿಸಬೇಡಿ, ಸೇರಿಸಿದ ಮರುದಿನವೇ ಕೋಣೆ ಖಾಲಿ ಬೀಳುತ್ತದೆ. ಹಾಗೆಯೇ ಮಡಿ ಬಟ್ಟೆ ಬೇರೆಯವರ ಬಟ್ಟೆ ಹಾಕಿದ ಮೆಷಿನ್ನಿಗೆ ಹಾಕುವುದಿಲ್ಲ ಎನ್ನುವ ಮನೆಗಳನ್ನು ಒಪ್ಪಿಸಲು ಹೋಗಬೇಡಿ. ಅವರು ಸಭೆಯಲ್ಲಿ ವಿರೋಧಿಸದಿದ್ದರೆ ಸಾಕು, ಸೇರಲೇಬೇಕೆಂದಿಲ್ಲ.

ಸರದಿ ಬರೆಯಲು ಬಾಗಿಲ ಹಿಂದೆ ದಾರಕ್ಕೆ ಪೆನ್ನು ಕಟ್ಟಿದ ಒಂದು ಪುಸ್ತಕ ಸಾಕು. ದಿನಾಂಕ, ಮನೆ ನಂಬರ್, ಶುರು ಮಾಡಿದ ಹೊತ್ತು, ಮುಗಿದ ಹೊತ್ತು. ತಿಂಗಳ ಕೊನೆಗೆ ಎಣಿಸಿ 50ರಿಂದ ಗುಣಿಸಿದರೆ ಬಿಲ್ಲಾಯಿತು. ಮುಗಿದ ಹೊತ್ತಿನ ಕಾಲಂ ಮಾತ್ರ ಬಿಡಬೇಡಿ. ಒಂದೇ ಮನೆಯ ಒಗೆತ ಮತ್ತೆ ಮತ್ತೆ 100 ನಿಮಿಷ ದಾಟುತ್ತಿದ್ದರೆ ಅಲ್ಲಿ ಪುಡಿ ಬಂದಿದೆ ಅಥವಾ ಡ್ರಮ್ಮಿಗೆ ಬಟ್ಟೆ ತುರುಕುತ್ತಿದ್ದಾರೆ. ಎಲ್ಲ ಮನೆಗಳದ್ದೂ ಮೆಲ್ಲಗೆ ಏರುತ್ತಿದ್ದರೆ ಒಳಬರುವ ಜಾಲರಿ ಕಟ್ಟಿಕೊಂಡಿದೆ ಅಥವಾ ಹೀಟರಿಗೆ ಸುಣ್ಣ ಕೂತಿದೆ. ಆರು ತಿಂಗಳ ಮೇಲೆ ಸಭೆಗೆ ಈ ಪುಸ್ತಕವನ್ನೇ ಒಯ್ಯಿರಿ. ಭಾನುವಾರ ಬೆಳಿಗ್ಗೆ ಮಾತ್ರ ನೂಕುನುಗ್ಗಲು ಕಂಡರೆ ಆ ದಿನ 6 ಗಂಟೆಗೇ ತೆರೆಯಲು ಅನುಮತಿ ಕೇಳಿ, ಮೂರನೆಯ ಮೆಷಿನ್ನಿನ ಮಾತು ಎತ್ತಬೇಡಿ.